200 ಮೀಟರ್ ಫ್ರೀಸ್ಟೈಲ್: ಮೂರನೇ ಐವತ್ತರಲ್ಲಿ ಸಮಯ ಹೋದದ್ದೆಲ್ಲಿ?

ಅಕ್ಕನ ಮಗಳ ಈಜಿನ ಸಮಯಗಳನ್ನು ಲೆಕ್ಕಹಾಕುವ ಕೆಲಸ ಈಗ ಒಂದು ಹಂತಕ್ಕೆ ಬಂದಿರುವುದರಿಂದ ಇಲ್ಲಿಯವರೆಗೆ ಕಂಡದ್ದನ್ನು ಬರೆದಿಡುತ್ತಿದ್ದೇನೆ. ಅವಳ ಅಭ್ಯಾಸ ನಡೆಯುವುದು ಕಾಸರಗೋಡಿನ ನಮ್ಮ ಮನೆಗೆ ಹತ್ತಿರವಿರುವ 25 ಮೀಟರ್ ಕೊಳದಲ್ಲಿ. ಸ್ಪರ್ಧೆ ನಡೆದದ್ದು ಗಡಿಯಾಚೆ ಮಂಗಳೂರಿನ 50 ಮೀಟರ್ ಕೊಳದಲ್ಲಿ. ಅಲ್ಲಿ 200 ಮೀಟರ್ ಫ್ರೀಸ್ಟೈಲನ್ನು ಅವಳು 2:28.40ರಲ್ಲಿ ಮುಗಿಸಿದಳು. ಪ್ರತಿ 50 ಮೀಟರಿಗೆ ತಗಲಿದ ಸಮಯ, ಅಂದರೆ ಸ್ಪ್ಲಿಟ್, ಕ್ರಮವಾಗಿ 33.6, 37.4, 39.1 ಮತ್ತು 38.3 ಸೆಕೆಂಡು.

ಈ ನಾಲ್ಕು ಅಂಕಿಗಳನ್ನು ನೋಡಿದವರೆಲ್ಲರೂ ಹೇಳಿದ್ದು ಒಂದೇ ಮಾತು: ಮೂರನೇ ಐವತ್ತರಲ್ಲಿ ಸುಸ್ತಾಗಿದೆ, ಕೊನೆಗೆ ಛಲದಿಂದ ಎದ್ದು ಬಂದಿದ್ದಾಳೆ. ಅವಳದೂ ಅದೇ ಅಭಿಪ್ರಾಯ. "ಮಾವಾ, ಮೂರನೆಯದರಲ್ಲಿ ಕೈ ಎಳೆಯುವುದೇ ಇಲ್ಲ" ಎಂದಳು. ಆದರೆ ಈ ನಾಲ್ಕು ಸ್ಪ್ಲಿಟ್‌ಗಳು ಒಂದೇ ಬಗೆಯ ಅಳತೆಗಳಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಮೊದಲನೆಯದರಲ್ಲಿ ಡೈವ್‌ನ ಲಾಭ ಸೇರಿಕೊಂಡಿರುತ್ತದೆ. ಎರಡು ಮತ್ತು ಮೂರನೆಯವು ಗೋಡೆಗೆ ಪಾದ ತಾಗಿದ ಕ್ಷಣದಿಂದ ಮತ್ತೆ ಪಾದ ತಾಗುವ ಕ್ಷಣದವರೆಗಿನವು. ನಾಲ್ಕನೆಯದು ಪಾದದಿಂದ ಆರಂಭವಾಗಿ ಕೈ ತಾಗುವಲ್ಲಿಗೆ ಮುಗಿಯುತ್ತದೆ. ಪಲ್ಟಿ ಹೊಡೆಯುವ ಸಮಯ ಅದರ ಕೊನೆಯಲ್ಲಿ ಇರುವುದಿಲ್ಲ. ಆದುದರಿಂದ ನೇರವಾಗಿ ಹೋಲಿಸಬಹುದಾದದ್ದು ನಡುವಿನ ಎರಡನ್ನು ಮಾತ್ರ.

ಹಾಗಾದರೆ ಮೊದಲ ಐವತ್ತು ಎಷ್ಟು ವೇಗವಾಗಿರಬೇಕು? 2009ರಲ್ಲಿ ರೋಮ್‌ನಲ್ಲಿ ಜರ್ಮನಿಯ ಈಜುಗಾರ ಪಾಲ್ ಬೀಡರ್‌ಮನ್ ಇದೇ 200 ಮೀಟರ್ ಫ್ರೀಸ್ಟೈಲಿನಲ್ಲಿ 1:42.00ರ ವಿಶ್ವದಾಖಲೆ ಮಾಡಿದಾಗಿನ ಸ್ಪ್ಲಿಟ್‌ಗಳು 24.23, 25.89, 26.18, 25.70. ಒಟ್ಟು ಸಮಯದ ಶೇಕಡಾ 23.75ರಷ್ಟು ಅವರ ಮೊದಲ ಐವತ್ತಿಗೆ ಹೋಗಿದೆ. ಅದೇ ಪ್ರಮಾಣವನ್ನು ನಮ್ಮ ಹುಡುಗಿಗೆ ಹಚ್ಚಿದರೆ ಸುಮಾರು 35.2 ಬರುತ್ತದೆ, ಅವಳು ಈಜಿದ್ದು 33.6. ಡೈವ್‌ನ ಲಾಭ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಸಿಗುವುದಿಲ್ಲವಾದ್ದರಿಂದ ಈ ಹೋಲಿಕೆಯನ್ನು ಸೂತ್ರವೆಂದು ಹಿಡಿಯಬಾರದು, ಆದರೂ ಒಂದೂವರೆ ಸೆಕೆಂಡಿನ ಅಂತರ ಸಂಶಯಕ್ಕೆ ಸಾಕು.

ಸಂಶಯವನ್ನು ತೀರಿಸಲು ವಿಡಿಯೊ ಬೇಕಾಯಿತು. ಗ್ಯಾಲರಿಯಿಂದ ಭಾವ ಮೊಬೈಲಿನಲ್ಲಿ ತೆಗೆದದ್ದು ಸೆಕೆಂಡಿಗೆ 60 ಫ್ರೇಮಿನದು. ವಾಟ್ಸ್ಯಾಪಿನಲ್ಲಿ ಕಳುಹಿಸಿದರೆ ಅದು ಕುಗ್ಗಿ ಕೆಲವು ಫ್ರೇಮುಗಳು ಕಳೆದುಹೋಗುವ ಸಂಭವವಿರುವುದರಿಂದ ಮೂಲ ಫೈಲನ್ನೇ ಕೇಬಲ್ ಹಾಕಿ ಇಳಿಸಿಕೊಂಡೆ. ವಿಎಲ್‌ಸಿಯಲ್ಲಿ `E` ಕೀಲಿ ಒತ್ತಿದರೆ ಚಿತ್ರ ಒಂದೊಂದೇ ಫ್ರೇಮಿನಂತೆ ಮುಂದೆ ಹೋಗುತ್ತದೆ. ದೂರ ಅಳೆಯಲು ಟೇಪು ಬೇಡ: ಲೇನ್ ಹಗ್ಗದ ಬಿಲ್ಲೆಗಳ ಬಣ್ಣ ಗೋಡೆಯಿಂದ 5 ಮೀಟರಿನವರೆಗೆ ಬೇರೆ ಇರುತ್ತದೆ, 15 ಮೀಟರಿನಲ್ಲಿಯೂ ಒಂದು ಗುರುತಿರುತ್ತದೆ. ಹೀಗೆ ಪ್ರತಿಯೊಂದು ಐವತ್ತನ್ನೂ ಗೋಡೆಯಿಂದ ಹೊರಟ ಮೊದಲ 15 ಮೀಟರ್, ನಡುವಿನ 30 ಮೀಟರ್, ಗೋಡೆಗೆ ಸೇರುವ ಕೊನೆಯ 5 ಮೀಟರ್ ಎಂದು ಮೂರು ಭಾಗ ಮಾಡಿದೆ.

| ಐವತ್ತು | ಮೊದಲ 15 ಮೀ. | ನಡುವಿನ 30 ಮೀ. | ಕೊನೆಯ 5 ಮೀ. |
|---|---|---|---|
| 1 | 7.6 | 21.9 | 4.1 |
| 2 | 10.4 | 22.9 | 4.1 |
| 3 | 11.2 | 23.5 | 4.4 |
| 4 | 10.9 | 23.4 | 4.0 |

ಕ್ಯಾಮರಾ ಒಂದೇ ಕಡೆ ಇರುವಾಗ ದೂರದ ಗುರುತು ಓರೆಯಾಗಿ ಕಾಣುತ್ತದೆ. ಅದಕ್ಕಾಗಿ ಲೇನಿನ ಎರಡೂ ಬದಿಯ ಬಿಲ್ಲೆಗಳನ್ನು ಜೋಡಿಸುವ ಗೆರೆಯನ್ನು ಪರದೆಯ ಮೇಲೆ ಎಳೆದು, ತಲೆ ಆ ಗೆರೆಯನ್ನು ದಾಟುವ ಫ್ರೇಮನ್ನು ಹಿಡಿದೆ. ಹೀಗೆ ಮಾಡಿದರೂ ಒಂದು ದಶಾಂಶದಷ್ಟು ಆಚೀಚೆ ಆಗುತ್ತದೆ, 0.1 ಸೆಕೆಂಡಿನ ವ್ಯತ್ಯಾಸಕ್ಕೆ ಈ ಕೋಷ್ಟಕದಲ್ಲಿ ಅರ್ಥವಿಲ್ಲ.

ಈಗ ಎರಡನೆಯ ಮತ್ತು ಮೂರನೆಯ ಸಾಲುಗಳನ್ನು ಒಟ್ಟಿಗೆ ನೋಡಬೇಕು. ಮೂರನೆಯದರಲ್ಲಿ ಹೋದ 1.7 ಸೆಕೆಂಡುಗಳಲ್ಲಿ ತೆರೆದ ನೀರಿನ 30 ಮೀಟರಿನಲ್ಲಿ ಹೋದದ್ದು 0.6 ಮಾತ್ರ. ಉಳಿದ 1.1 ಹೋದದ್ದು ಗೋಡೆಯ ಆಚೀಚೆಯ 20 ಮೀಟರಿನಲ್ಲಿ, ಅದರಲ್ಲಿಯೂ ಹೆಚ್ಚಿನ ಪಾಲು ಟರ್ನ್ ಆದ ಮೇಲಿನ 15 ಮೀಟರಿನಲ್ಲಿ. ಕೈ ಎಳೆಯದ್ದು ನಿಜವೇ ಇರಬಹುದು, ಆದರೆ ದೊಡ್ಡ ನಷ್ಟ ಅಲ್ಲಿಲ್ಲ.

ಆ ಜಾಗವನ್ನು ಮತ್ತೆ ಮತ್ತೆ ಹಿಂದುಮುಂದು ಮಾಡಿ ನೋಡಿದಾಗ ಕಾರಣ ಕಂಡಿತು. ಮೊದಲ ಟರ್ನ್ ಆದ ಮೇಲೆ ಅವಳು ನೀರಿನೊಳಗೇ ಎರಡೂ ಕಾಲು ಜೋಡಿಸಿ ಮೂರು ಡಾಲ್ಫಿನ್ ಕಿಕ್ ಹೊಡೆದು, 5 ಮೀಟರಿನ ಬಣ್ಣವನ್ನು ಚೆನ್ನಾಗಿ ದಾಟಿ ಮೇಲೆ ಬರುತ್ತಾಳೆ. ಎರಡನೆಯ ಟರ್ನ್‌ನಲ್ಲಿ ಒಂದೇ ಕಿಕ್. ಆ ಬಣ್ಣದ ಒಳಗೇ ತಲೆ ಮೇಲೆ, ಮೊದಲ ಸ್ಟ್ರೋಕಿಗೇ ಉಸಿರು. ಗೋಡೆಯನ್ನು ಒದ್ದಾಗ ಸಿಗುವ ವೇಗ ಈಜಿನ ವೇಗಕ್ಕಿಂತ ಹೆಚ್ಚು. ಅದು ಇಳಿಯುವ ಮೊದಲೇ ನೀರಿನ ಮೇಲ್ಮೈಗೆ ಬಂದರೆ ಅಲೆಯ ತಡೆಗೆ ಸಿಕ್ಕಿ ಆ ವೇಗ ವ್ಯರ್ಥವಾಗುತ್ತದೆ. ಅದೇ ಟರ್ನ್‌ಗೆ ಮುಂಚೆಯೂ ಕೊನೆಯ ಸ್ಟ್ರೋಕಿನಲ್ಲಿ ತಲೆ ತಿರುಗಿಸಿ ಉಸಿರೆಳೆದು, ಗೋಡೆಯವರೆಗೆ ಜಾರಿಕೊಂಡು ಹೋಗಿದ್ದಾಳೆ.

ಕೊನೆಯ ಐವತ್ತಿನ "ಛಲ"ದ ಕತೆಯೂ ಇಲ್ಲಿ ಸ್ವಲ್ಪ ತೆಳುವಾಗುತ್ತದೆ. ಮೂರನೆಯದಕ್ಕಿಂತ 0.8 ಸೆಕೆಂಡು ಕಡಿಮೆಯಾದದ್ದು ಹೌದು, ಆದರೆ ಅದರಲ್ಲಿ 0.4 ಕೊನೆಯ 5 ಮೀಟರಿನದು, ಅಂದರೆ ಪಾದದ ಬದಲು ಕೈ ತಾಗಿದ್ದರಿಂದಲೇ ಅದರ ಹೆಚ್ಚಿನ ಭಾಗ ಬಂದಿರಬೇಕು. ನಡುವಿನ 30 ಮೀಟರಿನ ವೇಗ ಎರಡರಲ್ಲಿಯೂ ಹೆಚ್ಚುಕಡಿಮೆ ಸೆಕೆಂಡಿಗೆ 1.28 ಮೀಟರ್. ಅದೇ ವೇಗಕ್ಕೆ ಅವಳು ಮೂರನೆಯದರಲ್ಲಿ ನಿಮಿಷಕ್ಕೆ 42.5 ಸ್ಟ್ರೋಕ್ ಸುತ್ತು ಹಾಕಿದರೆ ನಾಲ್ಕನೆಯದರಲ್ಲಿ 45 ಹಾಕಿದ್ದಾಳೆ. ಒಂದು ಸುತ್ತಿಗೆ ಸಾಗುವ ದೂರ 1.80 ಮೀಟರಿನಿಂದ 1.71ಕ್ಕೆ ಇಳಿದಿದೆ. ಕೈ ಬೇಗ ತಿರುಗಿತು, ನೀರು ಹಿಡಿಯಲಿಲ್ಲ.

ಉಸಿರಿನ ಬರ ಎರಡನೆಯ ಟರ್ನ್‌ಗೆ ಬಂದದ್ದೇಕೆ ಎಂಬುದಕ್ಕೆ ನನ್ನ ಉತ್ತರ ಕೋಷ್ಟಕದ ಮೊದಲ ಸಾಲಿನಲ್ಲಿದೆ. ಡೈವ್‌ನ 15 ಮೀಟರನ್ನು ಬಿಟ್ಟು ನೋಡಿದರೂ ನಡುವಿನ 30 ಮೀಟರನ್ನು ಅವಳು ಎರಡನೆಯದಕ್ಕಿಂತ ಒಂದು ಪೂರ್ತಿ ಸೆಕೆಂಡು ಬೇಗ ಈಜಿದ್ದಾಳೆ. ಪಕ್ಕದ ಲೇನಿನ ಹುಡುಗಿಯ ಹಿಂದೆ ಬಿದ್ದ ಪರಿಣಾಮ ಎಂದು ಅವಳ ತರಬೇತುದಾರ ಮಾಷ್ ನಕ್ಕರು.

ಅವರು ಎರಡು ಬದಲಾವಣೆ ಸೂಚಿಸಿದರು: ಮೊದಲ ಐವತ್ತು 34.5ರ ಸುಮಾರಿಗೆ ಇರಬೇಕು. ಅಭ್ಯಾಸದ ಪ್ರತಿ ಟರ್ನ್‌ನಲ್ಲಿಯೂ, ಎಷ್ಟೇ ಸುಸ್ತಾಗಿದ್ದರೂ, ಮೂರು ಕಿಕ್ ಆದ ಮೇಲೆಯೇ ತಲೆ ಎತ್ತಬೇಕು. 25 ಮೀಟರಿನ ಕೊಳ ಇದಕ್ಕೆ ಅನುಕೂಲವೇ ಆಯಿತು, 200 ಮೀಟರಿಗೆ ಮೂರರ ಬದಲು ಏಳು ಟರ್ನ್ ಸಿಗುತ್ತದೆ. ಆದರೆ ಅದೇ ಕಾರಣಕ್ಕೆ ಅಲ್ಲಿನ ಸಮಯವನ್ನು ಮಂಗಳೂರಿನ ಸಮಯದ ಪಕ್ಕದಲ್ಲಿಡಲು ಬರುವುದಿಲ್ಲ.

ಆದ್ದರಿಂದ ಪರೀಕ್ಷೆಯನ್ನು ಮತ್ತೆ 50 ಮೀಟರ್ ಕೊಳದಲ್ಲಿಯೇ ಮಾಡಿದೆವು. ಸ್ಪ್ಲಿಟ್‌ಗಳು 34.5, 37.5, 38.0, 37.8, ಒಟ್ಟು 2:27.80. ಮೊದಲಿನಲ್ಲಿ ಬಿಟ್ಟುಕೊಟ್ಟ 0.9 ಸೆಕೆಂಡಿಗೆ ಪ್ರತಿಯಾಗಿ ಮೂರನೆಯ ಐವತ್ತರಲ್ಲಿಯೇ 1.1 ಮರಳಿ ಬಂದಿದೆ. ಅಲ್ಲಿನ ಮೊದಲ 15 ಮೀಟರ್ 11.2ರಿಂದ 10.7ಕ್ಕೆ ಇಳಿದಿದೆ. ಒಟ್ಟಿನ 0.6 ಸೆಕೆಂಡಿನ ಲಾಭವನ್ನು ನಾನು ಹೆಚ್ಚು ನೆಚ್ಚುವುದಿಲ್ಲ, ಏಕೆಂದರೆ ಇದು ಕೈಗಡಿಯಾರದ ಅಳತೆ, ಅವಳು ಒಬ್ಬಳೇ ಈಜಿದ್ದು, ಪಕ್ಕದ ಲೇನಿನ ಅಲೆಯೂ ಇರಲಿಲ್ಲ. ಸ್ಪ್ಲಿಟ್‌ಗಳ ನಡುವಿನ ಹಂಚಿಕೆ ಬದಲಾದದ್ದು ಮಾತ್ರ ಅಳತೆಯ ದೋಷಕ್ಕಿಂತ ಬಹಳ ದೊಡ್ಡದು.

ಎರಡನೆಯ ಟರ್ನ್‌ನ ನಂತರದ 10.7 ಇನ್ನೂ ಮೊದಲ ಟರ್ನ್‌ನ ಮಟ್ಟಕ್ಕೆ ಬಂದಿಲ್ಲ. ಮುಂದಿನ ಸ್ಪರ್ಧೆಯಲ್ಲಿ ಎರಡನೆಯ ಟರ್ನ್ ನಡೆಯುವ ಗೋಡೆಯ, ಅಂದರೆ ಡೈವ್ ಮಾಡುವ ಬದಿಯ, ನೇರಕ್ಕೆ ಇನ್ನೊಂದು ಮೊಬೈಲ್ ಇಡುವುದಕ್ಕೆ ಭಾವನಿಗೆ ಹೇಳಿದ್ದೇನೆ.