ಚಾಯ್ಸ್‌ಗೆ ಬಿಟ್ಟ ಮೊದಲ ಯುನಿಟ್

ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವರಿಗೆಲ್ಲ ಗೊತ್ತಿರುವ ಮಾತೊಂದಿದೆ: "ಫಸ್ಟ್ ಯುನಿಟ್ ಚಾಯ್ಸ್‌ಗೆ ಬಿಟ್ಟಿದೀನಿ ಮೇಡಂ." ಪರೀಕ್ಷೆಗೆ ಹದಿನೈದು ದಿನ ಇರುವಾಗ ಕಾರಿಡಾರಿನಲ್ಲಿ ಈ ಮಾತು ಶುರುವಾಗುತ್ತದೆ. ಮೊದಲ ಯುನಿಟ್ ಮೊದಲ ಇಂಟರ್ನಲ್‌ನಲ್ಲೇ ಮುಗಿದುಹೋಗಿರುತ್ತದೆ. ಫೈನಲ್ ಪೇಪರಿನಲ್ಲಿ ಯುನಿಟ್‌ಗೊಂದು ಪ್ರಶ್ನೆ, ಐದರಲ್ಲಿ ಯಾವುದಾದರೂ ನಾಲ್ಕು ಬರೆದರೆ ಸಾಕು. ಅಂದಮೇಲೆ ಹಳೆಯದನ್ನು ಯಾಕೆ ಓದಬೇಕು? ಮಕ್ಕಳ ಲೆಕ್ಕಾಚಾರದಲ್ಲಿ ತಪ್ಪೇನೂ ಇಲ್ಲ. ಪೇಪರೇ ಹಾಗೆ ಕಲಿಸಿಕೊಟ್ಟಿದೆ.

ನಮ್ಮದು ಶಿವಮೊಗ್ಗದ ಸ್ವಾಯತ್ತ ಕಾಲೇಜು. ಪೇಪರ್ ನಾವೇ ತೆಗೆಯುತ್ತೇವೆ. ಆ ವರ್ಷ ಎರಡನೇ ಸೆಮಿಸ್ಟರಿನ ಪೇಪರಿನಲ್ಲಿ ಹಳೆಯ ಯುನಿಟ್‌ಗಳನ್ನು ಮತ್ತೆ ಕೇಳಬೇಕು ಎಂದು ವಿಭಾಗದಲ್ಲಿ ಮಾತಾಯಿತು. ಮಕ್ಕಳಿಗೂ ತಿಂಗಳ ಮೊದಲೇ ಹೇಳಿದೆವು. ಹೇಗೆ ಕೇಳಬೇಕು ಅನ್ನುವುದರ ಮೇಲೆ ಮಾತ್ರ ಜಗಳ. ಹಿರಿಯರೊಬ್ಬರು "ಮೊದಲ ಇಂಟರ್ನಲ್‌ನ ಎರಡು ಪ್ರಶ್ನೆ ಎತ್ತಿ ಹಾಕಿಬಿಡಿ" ಅಂದರು. ಹಾಗೆ ಹಾಕಿದರೆ ಮಕ್ಕಳು ಹಳೇ ಪೇಪರ್ ಓದಿಕೊಂಡು ಬರುತ್ತಾರೆ, ಅಷ್ಟೇ. 'ಮೋಲ್ ಪರಿಕಲ್ಪನೆ' ಅಂತ ಪ್ರಶ್ನೆಯ ತಲೆಯಲ್ಲೇ ಬರೆದಿದ್ದರೆ ಯಾವ ಸೂತ್ರ ಬಳಸಬೇಕು ಅನ್ನುವುದನ್ನು ನಾವೇ ಹೇಳಿದ ಹಾಗಾಯಿತಲ್ವಾ?

ರೋರರ್ ಮತ್ತು ಟೇಲರ್ ಎಂಬ ಇಬ್ಬರು ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನ್ನ ತಲೆಯಲ್ಲಿತ್ತು. ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಲೆಕ್ಕ ಹಾಕಲು ಅವರು ವಿದ್ಯಾರ್ಥಿಗಳಿಗೆ ಕಲಿಸಿದರು. ಒಂದು ಗುಂಪು ಒಂದೊಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿತು, ಇನ್ನೊಂದು ಎಲ್ಲವನ್ನೂ ಕಲಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಸಾಲಾಗಿ ಮಾಡಿದವರದ್ದು ಶೇ 89 ಸರಿ, ಕಲಸಿ ಮಾಡಿದವರದ್ದು ಶೇ 60. ವಾರ ಬಿಟ್ಟು ಪರೀಕ್ಷೆ ಕೊಟ್ಟಾಗ ಮೊದಲಿನವರು ಶೇ 20ಕ್ಕೆ ಇಳಿದರು, ಎರಡನೆಯವರು ಶೇ 63ರಲ್ಲಿದ್ದರು. ಸೂತ್ರ ನೆನಪಿರುವುದು ಒಂದು, ಎದುರಿಗಿರುವ ಲೆಕ್ಕಕ್ಕೆ ಯಾವ ಸೂತ್ರ ಎಂದು ಗೊತ್ತಾಗುವುದು ಇನ್ನೊಂದು. ಯುನಿಟ್ ಹೆಸರು ಹಾಕಿ ಕೇಳಿದರೆ ಎರಡನೆಯದು ಪರೀಕ್ಷೆಗೇ ಬರುವುದಿಲ್ಲ.

ಹಾಗಾಗಿ ನಾನು ಹತ್ತು ಅಂಕದ ಕಡ್ಡಾಯ ಪ್ರಶ್ನೆಯೊಂದನ್ನು ಅಡಿಕೆ ತೋಟದಿಂದಲೇ ತಂದೆ. ಜೂನ್ ತಿಂಗಳು. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬರುವ ಅರ್ಧ ಮಕ್ಕಳ ಮನೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಗಡಿಬಿಡಿ. ಶೇ 1ರ ಬೋರ್ಡೋ ಅಂದರೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಪ್ರಶ್ನೆ ಹೀಗಿತ್ತು. ಒಂದು ಕೆಜಿ CuSO₄·5H₂O ಹರಳನ್ನು ನೂರು ಲೀಟರ್ ನೀರಿನಲ್ಲಿ ಕರಗಿಸಿದೆ ಎಂದುಕೊಳ್ಳಿ. ಸುಣ್ಣದ ತಿಳಿ ಸೇರಿಸುತ್ತ ಹೋದರೆ ಎಷ್ಟು pHಗೆ Cu(OH)₂ ಗಸಿ ಬೀಳಲು ಶುರುವಾಗುತ್ತದೆ? Ksp 2.2 × 10⁻²⁰. ಕೊನೆಗೆ, ಸುಣ್ಣ ಕಡಿಮೆಯಾದ ದ್ರಾವಣದಲ್ಲಿ ಕಬ್ಬಿಣದ ಕತ್ತಿ ಅದ್ದಿದರೆ ಕೆಂಪಗಾಗುತ್ತದೆ, ಯಾಕೆ?

ನಿಜವಾದ ಬೋರ್ಡೋದಲ್ಲಿ ಬರೀ ಹೈಡ್ರಾಕ್ಸೈಡ್ ಇರುವುದಿಲ್ಲ, ಬೇಸಿಕ್ ಸಲ್ಫೇಟ್‌ಗಳೂ ಇರುತ್ತವೆ. ಅದನ್ನು ಬದಿಗಿಟ್ಟು ಪ್ರಶ್ನೆ ಸರಳ ಮಾಡಿದ್ದೆ. ಮೂರನೇ ಯುನಿಟ್‌ನ Ksp, ಕೊನೆಯ ಯುನಿಟ್‌ನ ಎಲೆಕ್ಟ್ರೋಕೆಮಿಸ್ಟ್ರಿ ಮೇಲುಗಡೆ ಕಾಣುತ್ತವೆ. ಮೊದಲ ಯುನಿಟ್ ಎಲ್ಲೂ ಹೆಸರು ಹೇಳಿಕೊಂಡಿಲ್ಲ. ಆದರೆ ಅದಿಲ್ಲದೆ ಬಾಗಿಲೇ ತೆರೆಯುವುದಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆಯಿಂದ ಜಡಿಮಳೆ. ಹೊಸನಗರದ ಬಸ್ಸು ತಡವಾಗಿ ನಾಲ್ಕೈದು ಜನ ಒದ್ದೆ ಬಟ್ಟೆಯಲ್ಲೇ ಬಂದು ಕೂತರು. ಅರ್ಧ ಗಂಟೆ ಕಳೆದ ಮೇಲೆ ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ.

"ಮೇಡಂ, ಮೈಲುತುತ್ತನ ನಾವು ಐವತ್ತು ಲೀಟರಲ್ಲಿ ಕರಗ್ಸೋದು. ಸುಣ್ಣ ಇನ್ನೊಂದು ಐವತ್ತರಲ್ಲಿ. ಇಲ್ಲಿ ನೂರು ಅಂತ ಇದೆ."

"ನೀನು ಹೇಳೋದು ಸರೀನೇ ಕಣಪ್ಪಾ. ಇಲ್ಲಿ ಎಷ್ಟು ಕೊಟ್ಟಿದೆಯೋ ಅಷ್ಟಕ್ಕೇ ಮಾಡು."

ನಗು ಬಂತು, ತಡೆದುಕೊಂಡೆ. ಪೇಪರ್ ತೆಗೆದವಳಿಗಿಂತ ಅವನಿಗೆ ಬೋರ್ಡೋ ಜಾಸ್ತಿ ಗೊತ್ತು.

ವ್ಯಾಲ್ಯುಯೇಷನ್ ದಿನ ನಿಜವಾದ ವಿಷಯ ಹೊರಗೆ ಬಂತು. ಸರಿಯಾದ ದಾರಿ ಇದು. CuSO₄·5H₂Oನ ಮೋಲಾರ್ ತೂಕ 249.7. ಸಾವಿರ ಗ್ರಾಂ ಅಂದರೆ ನಾಲ್ಕು ಮೋಲ್, ನೂರು ಲೀಟರಿಗೆ 0.04 M. Kspಯನ್ನು ಅದರಿಂದ ಭಾಗಿಸಿ ವರ್ಗಮೂಲ ತೆಗೆದರೆ [OH⁻] 7.4 × 10⁻¹⁰, pH ಸುಮಾರು 4.87.

ಮೊದಲ ಕಟ್ಟಿನಲ್ಲೇ ಒಂದರ ಹಿಂದೆ ಒಂದರಂತೆ 4.77 ಬರತೊಡಗಿತು. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ "ಹತ್ತಿರ ಇದೆಯಲ್ಲ, ಲಾಗ್ ಟೇಬಲ್ ನೋಡುವಾಗ ಎಡವಟ್ಟಾಗಿರಬೇಕು, ಪೂರ್ತಿ ಕೊಡಿ" ಅಂದರು. ನಾನು ಮೇಲಿನ ಸಾಲಿಗೆ ಹೋಗಿ ನೋಡಿದೆ. ಅಲ್ಲಿ ಮೋಲಾರ್ ತೂಕ 159.6 ಎಂದಿತ್ತು. ಚುಕ್ಕಿಯ ಆಚೆಗಿನ ಐದು ನೀರನ್ನು ಹುಡುಗ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದರಿಂದ 6.27 ಮೋಲ್, 0.063 M. ಸಾರತೆಯಲ್ಲಿ ಶೇ 50ಕ್ಕಿಂತ ಜಾಸ್ತಿ ತಪ್ಪು. ಆದರೆ ಅದು ವರ್ಗಮೂಲದೊಳಗೆ ಹೋಗಿ, ಆಮೇಲೆ ಲಾಗ್ ದಾಟಿ ಬರುವಷ್ಟರಲ್ಲಿ pHನಲ್ಲಿ ಬರೀ 0.1 ಆಗಿ ಕರಗಿತ್ತು. ಕೊನೆಯ ಉತ್ತರ ಮಾತ್ರ ನೋಡಿ ಅಂಕ ಕೊಟ್ಟಿದ್ದರೆ ಮೊದಲ ಯುನಿಟ್ ಮರೆತವರೆಲ್ಲ ಪಾಸು.

ಅದೃಷ್ಟಕ್ಕೆ ಸ್ಕೀಮಿನಲ್ಲಿ ಅಂಕ ಬಿಡಿಸಿ ಇಟ್ಟಿದ್ದೆವು. ಮೋಲ್‌ಗೆ ಎರಡು, ಸಾರತೆಗೆ ಒಂದು, Kspಗೆ ಮೂರು, pHಗೆ ಒಂದು, ಕತ್ತಿಗೆ ಮೂರು. ಮೇಲೆ ತಪ್ಪಿದರೆ ಅಲ್ಲಿ ಮಾತ್ರ ಕಡಿತ. ಆ ತಪ್ಪು ಸಂಖ್ಯೆಯಿಂದಲೇ ಮುಂದಿನದನ್ನು ಸರಿಯಾಗಿ ಮಾಡಿದ್ದರೆ ಮುಂದಿನ ಅಂಕ ಪೂರ್ತಿ. ಹೀಗೆ ಮಾಡದಿದ್ದರೆ ಹಳೆಯ ಯುನಿಟ್ ಸೇರಿಸಿದ ಪೇಪರ್ ಮಕ್ಕಳಿಗೆ ಒಂದೇ ತಪ್ಪಿಗೆ ನಾಲ್ಕು ಸಲ ಬಡಿಯುತ್ತದೆ. Ksp ಗೊತ್ತಿರುವವನಿಗೂ Ksp ಬರಲ್ಲ ಅಂತ ಬರೆದ ಹಾಗಾಗುತ್ತದೆ.

ಇನ್ನೊಂದು ಬಗೆಯ ತಪ್ಪೂ ಇತ್ತು. ಕೆಲವರು ಸಾವಿರ ಗ್ರಾಮನ್ನು ನೂರು ಲೀಟರಿನಿಂದ ಭಾಗಿಸಿ, ಬಂದ ಹತ್ತನ್ನೇ ಮೊಲಾರಿಟಿ ಅಂತ ಬರೆದಿದ್ದರು. ಅವರ pH 3.67. ಮೋಲ್‌ನ ಸುದ್ದಿಯೇ ಇಲ್ಲ.

ಎರಡೂ ಮೊದಲ ಯುನಿಟ್‌ನ ತಪ್ಪುಗಳೇ. ಆದರೆ ಎರಡನ್ನೂ 'ಮರೆತಿದ್ದಾರೆ' ಅನ್ನಬಹುದಾ? ಸಂಜೆ ಸ್ಟಾಫ್‌ ರೂಮಿನ ಬೀರುವಿನಿಂದ ಮೊದಲ ಇಂಟರ್ನಲ್‌ನ ಪುಸ್ತಿಕೆಗಳನ್ನು ಇಳಿಸಿದೆ. ಆಗ ಆಕ್ಸಾಲಿಕ್ ಆಸಿಡ್ ಡೈಹೈಡ್ರೇಟ್ ಬಗ್ಗೆ ಅಂಥದ್ದೇ ಲೆಕ್ಕ ಕೇಳಿದ್ದೆವು. ಹತ್ತು ಮೋಲಾರ್ ಎಂದವರಲ್ಲಿ ಬಹುತೇಕರು ಆಗಲೂ ತಪ್ಪು ಮಾಡಿದ್ದರು. ಇವರು ಮರೆತವರಲ್ಲ, ಮೊದಲಿಂದಲೇ ಅರ್ಥವಾಗದವರು. ಅವರಿಗೆ ಪಾಠವೇ ಮತ್ತೆ ಆಗಬೇಕು. ನೀರು ಬಿಟ್ಟವರಲ್ಲಿ ಹೆಚ್ಚಿನವರು ಆಗ ಸರಿ ಮಾಡಿದ್ದರು. ಇವರು ನಿಜಕ್ಕೂ ಕಳೆದುಕೊಂಡವರು. ಫೈನಲ್ ಪೇಪರ್ ಒಂದನ್ನೇ ಹಿಡಿದು ನೆನಪಿನ ಬಗ್ಗೆ ಏನೂ ಹೇಳಲಾಗದು. ಆಗ ಬಂದಿತ್ತು ಎಂಬುದಕ್ಕೆ ಹಳೆಯ ಪುಸ್ತಿಕೆಯ ಸಾಕ್ಷಿ ಪಕ್ಕದಲ್ಲಿರಲೇಬೇಕು. ಅಂಕ ಪಟ್ಟಿ ಸಾಲದು, ಅದರಲ್ಲಿ ಒಟ್ಟು ಅಂಕ ಮಾತ್ರ ಸಿಗುತ್ತದೆ.

ಕತ್ತಿಯ ಪ್ರಶ್ನೆಗೆ ಮಾತ್ರ ಉತ್ತರಗಳು ಚೆನ್ನಾಗಿದ್ದವು. ಕೊನೆಯ ಯುನಿಟ್, ತಲೆಯಲ್ಲಿ ಬಿಸಿಬಿಸಿ ಇತ್ತು. ತಾಮ್ರದ +0.34, ಕಬ್ಬಿಣದ −0.44, ಒಟ್ಟು 0.78 ವೋಲ್ಟ್, ಹಾಗಾಗಿ ಕಬ್ಬಿಣ ಕರಗಿ ತಾಮ್ರ ಕೂರುತ್ತದೆ ಎಂದು ತುಂಬಾ ಜನ ಬರೆದಿದ್ದರು. ಐವತ್ತು ಲೀಟರಿನ ಹುಡುಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ಸುಣ್ಣ ಸಾಕಷ್ಟು ಬಿದ್ದು pH 7 ಆದರೆ ನೀರಿನಲ್ಲಿ ಉಳಿಯುವ ತಾಮ್ರ 2.2 × 10⁻⁶ M ಮಾತ್ರ, ಆಗ ಕತ್ತಿಗೆ ಅಂಟಲು ತಾಮ್ರವೇ ಇಲ್ಲ ಎಂದು Kspಯಿಂದಲೇ ತೋರಿಸಿದ್ದ. ಕೇಳದೆ ಇದ್ದ ಉತ್ತರಕ್ಕೆ ಅಂಕ ಕೊಡಲು ಸ್ಕೀಮಿನಲ್ಲಿ ಜಾಗ ಇರಲಿಲ್ಲ. ಮೋಲ್‌ನಲ್ಲಿ ಅವನೂ ನೀರು ಬಿಟ್ಟಿದ್ದ!

ಈ ನೀರಿನ ವಿಷಯ ನನ್ನನ್ನು ಕಾಡಿತು. ಯಾಕೆಂದರೆ ಇವರೆಲ್ಲ ಸೆಮಿಸ್ಟರ್ ಪೂರ್ತಿ ಲ್ಯಾಬಿನಲ್ಲಿ ಆಕ್ಸಾಲಿಕ್ ಆಸಿಡ್ ತೂಗಿದವರು. ಆ ಬಾಟಲಿಯ ಮೇಲೂ ಚುಕ್ಕಿ ಇದೆ, 2H₂O ಇದೆ. ಹಾಗಾದರೆ ಅಭ್ಯಾಸ ಎಲ್ಲಿ ಹೋಯಿತು? ಲ್ಯಾಬಿಗೆ ಹೋಗಿ ನೋಡಿದರೆ ಉತ್ತರ ಬೋರ್ಡಿನ ಮೇಲೇ ಇತ್ತು: "ಆಕ್ಸಾಲಿಕ್ ಆಸಿಡ್ 0.63 ಗ್ರಾಂ, 100 ಮಿಲೀ." ಪ್ರತಿ ಬ್ಯಾಚಿಗೂ ತೂಕ ಬರೆದಿಡುವುದು ಆ ಲ್ಯಾಬಿನ ಹಳೇ ರೂಢಿ. ಮಕ್ಕಳು ನೋಡಿಕೊಂಡು ತೂಗುತ್ತಾರೆ, ಲೆಕ್ಕ ಹಾಕುವುದಿಲ್ಲ. ಕೈಗೆ ಅಭ್ಯಾಸ ಆಯಿತು, ತಲೆಗೆ ಮೊದಲ ಇಂಟರ್ನಲ್ ಆದ ಮೇಲೆ ಕೆಲಸವೇ ಇರಲಿಲ್ಲ.

ಇಂಥ ಪೇಪರಿಗೆ ಒಂದು ಮಿತಿಯೂ ಇದೆ. ಮೋಲ್ ಎಲ್ಲ ಕಡೆ ಬರುತ್ತದೆ, ಅದನ್ನು ಮುಂದಿನ ಲೆಕ್ಕದೊಳಗೆ ಸೇರಿಸಿ ಕೇಳಬಹುದು. ಎರಡನೇ ಯುನಿಟ್‌ನ ಕ್ವಾಂಟಂ ಸಂಖ್ಯೆಗಳು Kspಯಲ್ಲಿ ಎಲ್ಲಿ ಬರಬೇಕು? ಬಲವಂತವಾಗಿ ಸೇರಿಸಿದರೆ ಪ್ರಶ್ನೆ ಒಗಟಾಗುತ್ತದೆ. ಅಂಥದ್ದನ್ನು ಎರಡು ಅಂಕದ ನೇರ ಪ್ರಶ್ನೆಯಾಗಿ, ಬೇರೆ ಯುನಿಟ್‌ಗಳ ನಡುವೆ ಕಲಸಿ ಕೇಳಿದೆವು. ಅಷ್ಟೇ ಆಗುವುದು.

ಮುಂದಿನ ವರ್ಷ ಬೋರ್ಡಿನ ಮೇಲೆ ತೂಕ ಬರೆಯುವುದು ನಿಂತಿತು. "0.05 M, 100 ಮಿಲೀ" ಅಂತ ಮಾತ್ರ. ಮೊದಲ ವಾರ ತಕ್ಕಡಿಯ ಮುಂದೆ ಸಾಲು ಮುಂದಕ್ಕೇ ಹೋಗಲಿಲ್ಲ. ಅಟೆಂಡರ್ "ಮೇಡಂ, ಹಿಂಗಾದ್ರೆ ಐದು ಗಂಟೆಗೂ ಮುಗಿಯಲ್ಲ" ಎಂದು ಗೊಣಗಿದರು. ಒಬ್ಬ ನೀರು ಬಿಟ್ಟು 0.45 ಗ್ರಾಂ ತೂಗಿ ಟೈಟ್ರೇಷನ್‌ಗೆ ಕೂತ. 0.1 M ಸೋಡಿಯಂ ಹೈಡ್ರಾಕ್ಸೈಡಿಗೆ ಪಕ್ಕದವಳದ್ದು 10 ಮಿಲೀಗೆ ಗುಲಾಬಿ ಬಂತು, ಇವನದ್ದು 7.1ಕ್ಕೇ. ಬ್ಯೂರೆಟ್ ಸೋರುತ್ತಿದೆ ಎಂದು ನಲ್ಲಿ ಬಿಚ್ಚಿ ನೋಡಿದ, ಪಿಪೆಟ್ ಬದಲಿಸಿದ, ಮತ್ತೆ ಮಾಡಿದ. ಆಗಲೂ 7.1. ಆಮೇಲೆ ಎದ್ದುಹೋಗಿ ಬಾಟಲಿಯ ಲೇಬಲ್ ಓದಿದ.