ರಿಸಲ್ಟ್ ಹೊತ್ತಿಗೆ ಷೇರು ಕೈಯಲ್ಲಿರಬೇಕಾ?

"ನಾಳೆ ರಿಸಲ್ಟ್ ಇದೆ. ಷೇರು ಹಾಗೇ ಇಟ್ಕೊಳ್ಳಲಾ, ಇಲ್ಲಾ ಮಾರಿ, ಚಾರ್ಟ್ ಒಂದು ಹದಕ್ಕೆ ಬಂದಮೇಲೆ ತಗೊಳ್ಳಲಾ?"

ಕೆಲವು ವಾರಗಳ ಮಟ್ಟಿಗೆ ಟ್ರೇಡ್ ಮಾಡುವವರಿಗೆ ನಾನು ಹೇಳುವುದು ಇಷ್ಟು: ಕೈಯಲ್ಲಿ ಒಳ್ಳೆ ಲಾಭ ಇಲ್ಲದಿದ್ದರೆ ಮಾರಿ ಕಾಯಿರಿ. ವರ್ಷಗಟ್ಟಲೆ ಇಟ್ಟುಕೊಳ್ಳಲು ಕೊಂಡವರ ಲೆಕ್ಕ ಬೇರೆ, ಅವರಿಗೆ ಒಂದು ತ್ರೈಮಾಸಿಕ ಅಷ್ಟು ದೊಡ್ಡದಲ್ಲ.

ಕಾರಣ ಸ್ಟಾಪ್‌ಲಾಸ್. ನಿಮ್ಮ ಬಂಡವಾಳ ಒಂದು ಲಕ್ಷ, ಒಂದು ಟ್ರೇಡ್‌ನಲ್ಲಿ ಕಳೆದುಕೊಳ್ಳಲು ಸಿದ್ಧವಿರುವುದು 1,000 ಅಂದುಕೊಳ್ಳಿ. 500ಕ್ಕೆ ಕೊಂಡು 475ಕ್ಕೆ ಸ್ಟಾಪ್ ಇಟ್ಟರೆ 40 ಷೇರು ಬರುತ್ತವೆ. ಮಾರುಕಟ್ಟೆ ಮುಚ್ಚಿದ ಮೇಲೆ ರಿಸಲ್ಟ್ ಬಂತು, ಬೆಳಿಗ್ಗೆ ಷೇರು 440ಕ್ಕೆ ಓಪನ್ ಆಯ್ತು. ನಿಮ್ಮ 475ರಲ್ಲಿ ಕೊಳ್ಳುವವರೇ ಇರಲಿಲ್ಲ. ಆರ್ಡರ್ 440ರ ಆಸುಪಾಸಿನಲ್ಲೇ ಮುಗಿಯುತ್ತದೆ, ನಷ್ಟ 2,400. ಹೀಗೆ ಗ್ಯಾಪ್ ಬಿದ್ದಾಗ ಸ್ಟಾಪ್ ಕಾಪಾಡುವುದಿಲ್ಲ.

ಇಟ್ಟುಕೊಳ್ಳಲೇಬೇಕು ಅನ್ನಿಸಿದರೆ ಸ್ಟಾಪ್ ನೋಡಿ ಅಲ್ಲ, ಗ್ಯಾಪ್ ನೋಡಿ ಷೇರಿನ ಸಂಖ್ಯೆ ಇಳಿಸಿ. ಹಿಂದಿನ ಏಳೆಂಟು ರಿಸಲ್ಟ್‌ಗಳ ಮರುದಿನದ ಓಪನಿಂಗ್ ಚಾರ್ಟ್‌ನಲ್ಲೇ ಸಿಗುತ್ತದೆ. ಅದರಲ್ಲಿ ಕೆಟ್ಟದ್ದು ಶೇ. 12 ಇದ್ದರೆ ಒಂದು ಷೇರಿಗೆ 60ರ ಪೆಟ್ಟು, ಅಂದರೆ 16 ಷೇರು ಸಾಕು. ಉಳಿದ 24 ಹಿಂದಿನ ದಿನವೇ ಮಾರಿಬಿಡಿ. ಈ ಸಲ ಗ್ಯಾಪ್ ಅದಕ್ಕಿಂತ ಜಾಸ್ತಿನೂ ಆಗಬಹುದು, ಅದು ನೆನಪಿರಲಿ. ಷೇರು ಆಗಲೇ ಶೇ. 20 ಮೇಲಿದ್ದರೆ ಅದೇ ಗ್ಯಾಪ್ ಲಾಭವನ್ನಷ್ಟೇ ತಿನ್ನುತ್ತದೆ, ಅಸಲಿಗೆ ಕೈ ಹಾಕುವುದಿಲ್ಲ. ಅಂಥ ಷೇರನ್ನು ನಾನು ಇಟ್ಟುಕೊಳ್ಳುತ್ತೇನೆ.

"ಕಾದರೆ ಓಟ ತಪ್ಪಿಹೋಗಲ್ವಾ?" ಮೊದಲ ಜಿಗಿತ ತಪ್ಪುತ್ತದೆ, ನಿಜ. ಆದರೆ ರಿಸಲ್ಟ್ ಬಂದ ಮೇಲೂ ಬೆಲೆ ಅದೇ ದಿಕ್ಕಿನಲ್ಲಿ ನಿಧಾನವಾಗಿ ಸಾಗುತ್ತಿರುತ್ತದೆ ಎಂದು ಸಂಶೋಧಕರಾದ ಬಾಲ್ ಮತ್ತು ಬ್ರೌನ್ 1968ರಲ್ಲೇ ತೋರಿಸಿದ್ದರು. ಎಲ್ಲರ ಕಣ್ಣಿರುವ ದೊಡ್ಡ ಕಂಪನಿಗಳಲ್ಲಿ ಈಗ ಇದು ಕಮ್ಮಿ.

ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. 500ರ ಷೇರು 560ಕ್ಕೆ ಓಪನ್ ಆಗಿ, ಆ ದಿನ 575 ಮುಟ್ಟಿ, 548ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. 575 ಮತ್ತು 548, ಈ ಎರಡಕ್ಕೂ ಗೆರೆ ಎಳೆಯಿರಿ. ಮುಂದಿನ ನಾಲ್ಕೈದು ದಿನ ಬೆಲೆ ಗೆರೆಗಳ ಒಳಗೇ ಇದ್ದು ವಾಲ್ಯೂಮ್ ಇಳಿಯುತ್ತಾ ಬಂದರೆ, ಲಾಭ ಬುಕ್ ಮಾಡುವವರ ಮಾರಾಟವನ್ನು ಯಾರೋ ನುಂಗಿಕೊಳ್ಳುತ್ತಿದ್ದಾರೆ ಎಂದರ್ಥ. ವಾಲ್ಯೂಮ್ ಏರಿ 575ರ ಮೇಲೆ ಕ್ಲೋಸ್ ಆದಾಗ ಕೊಳ್ಳಿ, ಸ್ಟಾಪ್ 548ರ ಕೆಳಗೆ. 577ಕ್ಕೆ ಕೊಂಡು 547ಕ್ಕೆ ಸ್ಟಾಪ್ ಇಟ್ಟರೆ ಅದೇ 1,000ಕ್ಕೆ 33 ಷೇರು ಬರುತ್ತವೆ. ಮುಂದಿನ ರಿಸಲ್ಟ್‌ಗೆ ಸಾಮಾನ್ಯವಾಗಿ ಇನ್ನೂ ಎರಡೂವರೆ ತಿಂಗಳಿಗಿಂತ ಜಾಸ್ತಿ ಇರುವುದರಿಂದ ಈ ಸ್ಟಾಪ್ ಕೆಲಸ ಮಾಡುವ ಸಾಧ್ಯತೆ ಹೆಚ್ಚು.

ಕೊಳ್ಳುವ ಮೊದಲೇ 548ರ ಕೆಳಗೆ ಕ್ಲೋಸ್ ಆದರೆ ಆ ಷೇರು ಬಿಟ್ಟುಬಿಡಿ. ರಿಸಲ್ಟ್ ಎಷ್ಟೇ ಚೆನ್ನಾಗಿರಲಿ, ಅದನ್ನು ನೋಡಿ ಕೊಂಡವರೆಲ್ಲ ಆಗ ನಷ್ಟದಲ್ಲಿರುತ್ತಾರೆ, ಬೆಲೆ ಮೇಲೆ ಬಂದಾಗಲೆಲ್ಲ ಮಾರುತ್ತಾರೆ.