ಎಷ್ಟು ಬನಿಯನ್?

ಅಪ್ಪನ ಹೊಟ್ಟೆಯ ಮೇಲೆ ನಾನು ಬಾಲ್‌ಪೆನ್ನಿನಲ್ಲಿ ಗೆರೆ ಹಾಕಿದ್ದೆ. ಹೊಲಿಗೆಯ ಆಚೀಚೆ ಕೆಂಪಗಿದ್ದ ಚರ್ಮದ ಅಂಚಿಗೆ ಸರಿಯಾಗಿ. ಕೆಂಪು ಗೆರೆ ದಾಟಿದರೆ, ಮುಟ್ಟಿದಾಗ ಬಿಸಿಯಾದರೆ, ಇಳಿಯಬೇಕಾದ ನೋವು ಏರಿದರೆ, ಕೀವು ಬಂದರೆ, ಜ್ವರ ಬಂದರೆ ಫೋನ್ ಮಾಡಿ ಎಂದು ಡಿಸ್ಚಾರ್ಜ್ ದಿನ ಹೇಳಿದ್ದರು. ದಿನಕ್ಕೆರಡು ಸಲ ನೋಡುತ್ತಿದ್ದೆ. ಕೆಂಪು ಗೆರೆಯಿಂದ ಒಳಗೆ ಸರಿಯುತ್ತಾ ಬಂತು. ಜ್ವರವಿಲ್ಲ, ವಾಸನೆಯಿಲ್ಲ. ನನಗೆ ಒಳಗೊಳಗೇ ಜಂಬ.

ಜಠರದ ಹುಣ್ಣು ತೂತಾಗಿ ರಾತ್ರೋರಾತ್ರಿ ಹೊಟ್ಟೆ ನಡುವೆ ಉದ್ದಕ್ಕೆ ಕೊಯ್ದು ಆಪರೇಷನ್ ಆಗಿತ್ತು. ಹೊರಗೆ ಚರ್ಮಕ್ಕೆ ಪಿನ್ನು. ಅಪ್ಪನಿಗೆ ನಲವತ್ತು ವರ್ಷದ ಬೀಡಿ, ಜೊತೆಗೆ ಅದರ ಕೆಮ್ಮು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಅಲಾರಂ ಬೇಕಾಗಿಲ್ಲ ಎಂದು ಎಲ್ಲರೂ ನಗುತ್ತಿದ್ದರು.

ಮಂಗಳವಾರ, ಆಪರೇಷನ್ನಾಗಿ 8ನೇ ದಿನ, ಬೆಳಿಗ್ಗೆ ಅಮ್ಮ ಕೂಗಿದಳು. ಅಪ್ಪನ ಬನಿಯನ್ ಹೊಟ್ಟೆಗೆ ಅಂಟಿಕೊಂಡಿತ್ತು. ಪುನರ್ಪುಳಿ ಶರಬತ್ತಿಗೆ ನೀರು ಜಾಸ್ತಿಯಾದರೆ ಬರುವ ತೆಳು ಗುಲಾಬಿ ಬಣ್ಣ. ಡ್ರೆಸಿಂಗ್ ತೊಯ್ದು ಹಿಂಡುವ ಹಾಗಿತ್ತು.

"ಎಂತದೂ ಇಲ್ಲ, ನೋವೂ ಇಲ್ಲ" ಎಂದರು ಅಪ್ಪ. ಪಕ್ಕದ ಮನೆಯ ಮಾಮ, ಊರಿಗೆಲ್ಲ ಔಷಧಿ ಹೇಳುವ ಮನುಷ್ಯ, ಬಗ್ಗಿ ನೋಡಿ ತೀರ್ಪು ಕೊಟ್ಟೇಬಿಟ್ಟರು: "ಕೀವಲ್ಲ ಮಾರಾಯ, ಕೆಟ್ಟ ನೀರು. ಹೋಗ್ಲಿ ಬಿಡು." ಒಳ್ಳೆಯವರೇ, ಆದರೆ ಅವರಿಗೆ ಗೊತ್ತಿಲ್ಲದ ವಿಷಯ ಒಂದೂ ಇಲ್ಲ. ನಾನೂ ನಂಬಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ನನ್ನ ಪೆನ್ನಿನ ಗೆರೆಯೇ ಸಾಕ್ಷಿಗೆ ಇತ್ತಲ್ಲ!

ಆದರೂ ವಾರ್ಡಿಗೆ ಫೋನ್ ಹಚ್ಚಿದೆ. ಎತ್ತಿದ್ದು ಆ ಸಿಡುಕು ಮುಖದ ಸಿಸ್ಟರ್. ನಾನು ಕೆಂಪಿನ ಕತೆ ಶುರು ಮಾಡಿದೆ. ಅರ್ಧಕ್ಕೇ ತಡೆದು ಹಿಂದಿಯಲ್ಲಿ ಒಂದೇ ಪ್ರಶ್ನೆ: "ಅದೆಲ್ಲ ಬಿಡಿ. ಎಷ್ಟು ಬನಿಯನ್ ಒದ್ದೆಯಾಯ್ತು?"

"ಒಂದು."

"ಕೆಮ್ಮಿದ ಮೇಲೆ ಒಮ್ಮೆಗೇ ಬಂತಾ?"

ಅಪ್ಪನ ಮುಖ ನೋಡಿದೆ. ಅವರು ಗೋಡೆ ನೋಡಿದರು. ಹೌದಂತೆ.

ಆಕೆಯ ದನಿಯೇ ಬದಲಾಯಿತು. ಎಬ್ಬಿಸಬೇಡಿ. ಮೊಣಕಾಲು ಮಡಚಿ ಅಂಗಾತ ಮಲಗಿಸಿ, ಹೊಟ್ಟೆ ಬಿಗಿಯಬಾರದು. ಒಂದು ಗುಟುಕು ಚಹಾವೂ ಕೊಡಬೇಡಿ. ಶುದ್ಧ ಗಾಜ್ ಮುಚ್ಚಿ, ಒತ್ತಬೇಡಿ. ಒಳಗಿನದೇನಾದರೂ ಹೊರಗೆ ಕಂಡರೆ ಸಲೈನಿನಲ್ಲಿ ನೆನೆಸಿದ ಗಾಜ್ ಹಾಕಿ, ಒಳಗೆ ತಳ್ಳಲೇಬೇಡಿ. ಆಂಬ್ಯುಲೆನ್ಸಿನಲ್ಲೇ ತನ್ನಿ. ಮಾಮ ಆಟೋ ತರಲು ಆಗಲೇ ಮೆಟ್ಟಿಲಿಳಿದಿದ್ದರು, ವಾಪಸ್ ಕರೆದೆ.

ಆಮೇಲೆ ಡಾಕ್ಟರು ಹೇಳಿದ್ದು: ಮೊದಲ ಎರಡು ಮೂರು ದಿನ ಡ್ರೆಸಿಂಗಿನ ಮೇಲೆ ನಾಣ್ಯದಷ್ಟು ತೆಳು ಕೆಂಪು ಕಲೆ ಸಹಜ, ದಿನದಿಂದ ದಿನಕ್ಕೆ ಒಣಗುತ್ತ ಹೋಗಬೇಕು. ಒಣಗಿದ ಗಾಯ ವಾರದ ಹೊತ್ತಿಗೆ ಇದ್ದಕ್ಕಿದ್ದಂತೆ ಗುಲಾಬಿ ನೀರು ಸುರಿಸಿದರೆ, ಅದು ಹೊಟ್ಟೆಯೊಳಗಿನ ನೀರೆಂದೇ ಎಣಿಸಬೇಕು. ಅಂದರೆ ಚರ್ಮದ ಕೆಳಗಿನ ಗಟ್ಟಿ ಬಿಳಿ ಪದರ, ಹೊಟ್ಟೆಯನ್ನು ನಿಜವಾಗಿ ಹಿಡಿದಿಟ್ಟಿರುವುದು, ಬಿಟ್ಟುಕೊಂಡಿದೆ. ಎರಡು ಮೂರು ಪಿನ್ನು ತೆಗೆದು ಗ್ಲೌಸ್ ಹಾಕಿದ ಬೆರಳಿಟ್ಟರೆ, ಬೆರಳು ಸಲೀಸಾಗಿ ಒಳಗೆ ಹೋಯಿತಂತೆ. ದಾರ ತುಂಡಾಗಿರಲಿಲ್ಲ. ಬೆಣ್ಣೆಯಲ್ಲಿ ದಾರ ಎಳೆದ ಹಾಗೆ ಆ ಪದರವನ್ನೇ ಕೊಯ್ದುಕೊಂಡು ಬಂದಿತ್ತು, ಒಂದೊಂದು ಕೆಮ್ಮಿಗೂ ಇಷ್ಟಿಷ್ಟು. ಮೇಲಿನ ಚರ್ಮ ಮಾತ್ರ ನೀಟಾಗಿ ಕೂಡಿಕೊಂಡು ನನಗೆ ಟೋಪಿ ಹಾಕುತ್ತಿತ್ತು. ನಾನು ಸೋಂಕನ್ನು ಕಾಯುತ್ತಿದ್ದೆ. ಬಂದದ್ದು ಬೇರೆ.

ಇನ್ನೊಂದು ಮಾತು ಹೇಳಿದರು. 5ರಿಂದ 9ನೇ ದಿನದೊಳಗೆ ಹೊಲಿಗೆಯ ಕೆಳಗೆ ಉದ್ದಕ್ಕೂ ಗಟ್ಟಿಯಾದ ಏಣು ಕೈಗೆ ಸಿಗಬೇಕು. ಜನ ಅದನ್ನು ಮುಟ್ಟಿ 'ಗಂಟಾಗಿದೆ' ಎಂದು ಹೆದರಿ ಓಡಿಬರುತ್ತಾರೆ. ಅದು ಸಿಗದಿದ್ದರೇ ಹೆದರಬೇಕಂತೆ. ಅಪ್ಪನ ಹೊಟ್ಟೆ ಮೆತ್ತಗಿತ್ತು. ಮೆತ್ತಗಿದೆ, ಊತವೇ ಇಲ್ಲ ಎಂದು ಅಕ್ಕನಿಗೆ ವಾಟ್ಸಾಪ್ ಮಾಡಿದವನು ನಾನೇ.

ಅದೇ ಮಧ್ಯಾಹ್ನ ಮತ್ತೆ ಹೊಲಿದರು. ಈ ಸಲ ಕೆಮ್ಮುವಾಗ ತಲೆದಿಂಬನ್ನು ಹೊಟ್ಟೆಗೆ ಅಪ್ಪಿ ಹಿಡಿಯಬೇಕು, ಮೇಲೆ ಅಗಲ ಬೆಲ್ಟು ಬೇರೆ. ನಾಲ್ಕು ದಿನದಿಂದ ನನ್ನ ಕಿವಿಯಲ್ಲಿ ಅದೇ ಪ್ರಶ್ನೆ: ಎಷ್ಟು ಬನಿಯನ್? ನಿನ್ನೆ ರಾತ್ರಿ ವಾರ್ಡಿನಲ್ಲಿ ಅಪ್ಪನಿಗೂ ಕೇಳಿದೆ, ಸುಮ್ಮನೆ.

ದಿಂಬನ್ನು ಒತ್ತಿ ಹಿಡಿದು ಒಮ್ಮೆ ಕೆಮ್ಮಿದರು. "ಮೂರು" ಎಂದರು. "ಎರಡನ್ನು ಸೋಮವಾರ ಸಂಜೆಯೇ ನಾನೇ ಒಗೆದು ಹಾಕಿದ್ದೆ. ನೀನು ಆಫೀಸಿಗೆ ರಜೆ ಹಾಕಿಬಿಡ್ತೀಯ ಅಂತ."